ವಾಟ್ಸ್‌ಆ್ಯಪ್ ಬಾಟ್: ಪ್ರಾಂಪ್ಟ್‌ನಲ್ಲಿ ಹೇಳುವುದಾ, ಕೋಡ್‌ನಲ್ಲಿ ತಿದ್ದುವುದಾ?

ಎಐ ಬರೆದ ಉತ್ತರ ವಾಟ್ಸ್‌ಆ್ಯಪ್‌ನಲ್ಲಿ ಸರಿಯಾಗಿ ಕಾಣಲು ಯಾವ ದಾರಿ ಒಳ್ಳೆಯದು? ಮೊದಲೇ ಹೇಳಿಬಿಡ್ತೇನೆ, ನನ್ನ ಓಟು ಕೋಡ್‌ಗೆ. ಮಲ್ಪೆಯಲ್ಲಿ ಅಕ್ಕನ ಹೋಮ್‌ಸ್ಟೇ ಇದೆ, ಅದರ ವಾಟ್ಸ್‌ಆ್ಯಪ್ ಬಾಟ್ ನೋಡಿಕೊಳ್ಳುವುದು ನಾನು. ಎರಡೂ ದಾರಿಯಲ್ಲಿ ತಿಂಗಳುಗಟ್ಟಲೆ ಓಡಿಸಿ ನೋಡಿದ್ದೇನೆ.

ಶುರುವಿಗೆ ಪ್ರಾಂಪ್ಟ್‌ನಲ್ಲೇ "ಮಾರ್ಕ್‌ಡೌನ್ ಬೇಡ" ಅಂತ ಬರೆದಿದ್ದೆ. ಹೆಚ್ಚಿನ ಸಲ ಕೇಳುತ್ತಿತ್ತು. ಮಾತುಕತೆ ಉದ್ದ ಆದ ಕೂಡಲೇ ಮರೆತು, ಮತ್ತೆ `##` ಮತ್ತು `**` ಹಾಕುತ್ತಿತ್ತು. ವಾಟ್ಸ್‌ಆ್ಯಪ್‌ನಲ್ಲಿ ದಪ್ಪ ಅಕ್ಷರಕ್ಕೆ ಒಂದೇ ನಕ್ಷತ್ರ, ಹೆಡ್ಡಿಂಗ್ ಇಲ್ಲವೇ ಇಲ್ಲ. ಹಾಗಾಗಿ ಆ ಗುರುತುಗಳು ಹಾಗೇ ಕಾಣುತ್ತಿದ್ದವು.

ಅದನ್ನಾದರೂ ಸಹಿಸಬಹುದು ಮಾರಾಯ್ರೆ, ಟೇಬಲ್ ಸಹಿಸಲು ಆಗುವುದಿಲ್ಲ. ಒಬ್ಬರು "ಎಸಿ, ನಾನ್ ಎಸಿ ದರ ಹೋಲಿಸಿ ಹೇಳಿ" ಅಂದರು. ಬಾಟ್ ಅಡ್ಡಕ್ಕೆ ನಾಲ್ಕು ಕಾಲಮ್ ಮಾಡಿ, ನಡುವೆ ಉದ್ದ ಗೆರೆ ಎಳೆದು ಕಳಿಸಿತು. ಸಣ್ಣ ಫೋನಿನಲ್ಲಿ ಒಂದೊಂದು ಸಾಲೂ ಮುರಿದು ಮೂರು ಸಾಲಾಯಿತು, ನಾನ್ ಎಸಿಯ 1,800 ಹೋಗಿ ಎಸಿ ಹೆಸರಿನ ಕೆಳಗೆ ಕೂತಿತು. ಅವರು ಅದನ್ನೇ ಎಸಿ ದರ ಅಂದುಕೊಂಡು ಬಂದರು, ಅಕ್ಕ ಆ ದರಕ್ಕೇ ಕೊಡಬೇಕಾಯಿತು. ಟೇಬಲ್ಲನ್ನು ಮೂರು ಬ್ಯಾಕ್‌ಟಿಕ್ ಒಳಗೆ ಹಾಕಿಯೂ ನೋಡಿದೆ. ಕನ್ನಡ ಅಕ್ಷರಗಳು ಒಂದೇ ಅಗಲ ಇರುವುದಿಲ್ಲ ಅಲ್ವಾ, ಕಾಲಮ್ ಸಾಲಿಗೆ ಬರಲೇ ಇಲ್ಲ.

ಈಗ ಉತ್ತರ ಕಳಿಸುವ ಮೊದಲು ಇಷ್ಟು ಓಡುತ್ತದೆ:

```
t = re.sub(r"(?m)^#+ +", "", t)
t = re.sub(r"\*\*(.+?)\*\*", r"*\1*", t)
t = re.sub(r"\[(.+?)\]\((.+?)\)", r"\1: \2", t)
```

ಮೊದಲ ಸಾಲಿನಲ್ಲಿ ನಾನು ಹೆಡ್ಡಿಂಗನ್ನೂ ದಪ್ಪ ಮಾಡಲು ಹೋಗಿ ಕೆಟ್ಟೆ. `## **ದರ**` ಅಂತ ಬಂದಾಗ ನಕ್ಷತ್ರ ಮತ್ತೆ ಎರಡೆರಡಾಗುತ್ತಿತ್ತು. ಸುಮ್ನೆ `#` ತೆಗೆದರೆ ಸಾಕು. ಮೂರನೇ ಸಾಲು ಮ್ಯಾಪ್ ಲಿಂಕಿಗೆ.

ಟೇಬಲ್ ಮಾತ್ರ ಕೋಡ್‌ನಲ್ಲಿ ಬಿಡಿಸುವುದು ತಲೆನೋವು. ಅದಕ್ಕೆ ಪ್ರಾಂಪ್ಟ್‌ನಲ್ಲಿ "ಒಂದು ರೂಮಿಗೆ ಒಂದು ಸಾಲು, ಹೆಸರು ಮತ್ತು ದರ ಒಟ್ಟಿಗೆ" ಅಂತ ಒಂದು ಮಾದರಿಯನ್ನೇ ಕೊಟ್ಟಿದ್ದೇನೆ. ಬರೀ "ಬೇಡ" ಅನ್ನುವುದಕ್ಕಿಂತ ಇದು ಚೆನ್ನಾಗಿ ನಡೆಯುತ್ತದೆ. ಆದರೂ ಉತ್ತರದಲ್ಲಿ `|---` ಕಂಡರೆ ಕೋಡ್ ಅದನ್ನು ತಡೆದು ಇನ್ನೊಮ್ಮೆ ಬರೆಸುತ್ತದೆ.

ಉದ್ದದ ವಿಷಯದಲ್ಲಿ ಪ್ರಾಂಪ್ಟೇ ಗೆದ್ದಿತು. `max_tokens` ಇಳಿಸಿದೆ, ಉತ್ತರ ಚಿಕ್ಕದಾಗಲಿಲ್ಲ, ಅರ್ಧ ವಾಕ್ಯದಲ್ಲಿ ತುಂಡಾಯಿತು. ಕನ್ನಡಕ್ಕೆ ಇಂಗ್ಲಿಷಿಗಿಂತ ಜಾಸ್ತಿ ಟೋಕನ್ ಹೋಗುವುದರಿಂದ ಇನ್ನೂ ಬೇಗ ತುಂಡಾಗುತ್ತದೆ. "ಕೇಳಿದ್ದಕ್ಕೆ ಮೊದಲ ಸಾಲಿನಲ್ಲೇ ಉತ್ತರ, ಒಟ್ಟು ಐದು ಸಾಲು" ಅಂದ ಮೇಲೆ ಸರಿಯಾಯಿತು. ಉದ್ದ ಮೆಸೇಜನ್ನು ವಾಟ್ಸ್‌ಆ್ಯಪ್ ಮಡಚಿಡುತ್ತದೆ, ದರ ಅದರ ಕೆಳಗೆ ಹೋದರೆ ಯಾರೂ ಒತ್ತಿ ನೋಡುವುದಿಲ್ಲ.

ಖರ್ಚು? ಮೂರು ಸಾಲು ಕೋಡ್‌ಗೆ ಏನೂ ಇಲ್ಲ. ಮತ್ತೆ ಬರೆಸಿದಾಗ ಮಾತ್ರ ಒಂದು ಉತ್ತರದ ದುಡ್ಡು ಹೆಚ್ಚು, ಅದನ್ನು ನಾನು ಖುಷಿಯಿಂದ ಕೊಡುತ್ತೇನೆ.