ಮೆಮೊರಿ ಕಾರ್ಡಿಗೆ ಸೆಲೋ ಟೇಪ್ ಸುತ್ತಿಡಬೇಡಿ, ನಮ್ಮ ಶಾಲೆಯಲ್ಲಿ ಆದದ್ದು ಕೇಳಿ

ಶಾಲೆಯ ಮೆಮೊರಿ ಕಾರ್ಡಿನ ಮೇಲೆ ಚೀಟಿ ಅಂಟಿಸಿ, ಅದಕ್ಕೆ ಸೆಲೋ ಟೇಪ್ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಟೇಬಲ್ ಡ್ರಾದಲ್ಲಿ ಇಟ್ಟಿದ್ದೀರಾ? ಹಾಗಿದ್ದರೆ ಇದನ್ನು ಪೂರ್ತಿ ಓದಿ. ನಾನೂ ಹಾಗೇ ಇಟ್ಟಿದ್ದೆ. ಆರು ಕಾರ್ಡುಗಳಲ್ಲಿ ಎರಡು ಹೋದವು, ಇನ್ನೊಂದು ಹೋಗುವುದರಲ್ಲಿತ್ತು.

ನಮ್ಮದು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ ಶಾಲೆ. ನಮ್ಮ ಹತ್ತಿರ ಇದ್ದವು ಉಗುರಿನಷ್ಟು ದೊಡ್ಡ ಮೈಕ್ರೋ ಎಸ್‌ಡಿ ಕಾರ್ಡುಗಳು. ಒಂದರಲ್ಲಿ ಸ್ಪೀಕರಿಗೆ ಹಾಕುವ ಪ್ರಾರ್ಥನೆ ಮತ್ತು ನಲಿಕಲಿ ಹಾಡುಗಳು, ಒಂದರಲ್ಲಿ ಪ್ರತಿಭಾ ಕಾರಂಜಿಯ ವಿಡಿಯೋ, ಒಂದರಲ್ಲಿ ಶಾಲಾ ಪ್ರವಾಸದ ಫೋಟೋ. ನಾಲ್ಕನೆಯದರಲ್ಲಿ ಏಳನೇ ತರಗತಿಯ ಮಕ್ಕಳು ಊರಿನ ಒಬ್ಬ ಅಜ್ಜಿಯಿಂದ ಕೇಳಿ ರೆಕಾರ್ಡ್ ಮಾಡಿದ ಬೀಸುವ ಪದಗಳು ಇದ್ದವು. ಅದರ ಎರಡನೇ ಪ್ರತಿ ಎಲ್ಲೂ ಇರಲಿಲ್ಲ. ನನಗೆ ಈಗಲೂ ಕಾಡುವುದು ಅದೊಂದೇ.

ಜನವರಿ 26ರ ಕಾರ್ಯಕ್ರಮಕ್ಕೆ ಎರಡು ದಿನ ಮೊದಲು, ಬೆಳಿಗ್ಗೆ ಚಳಿಯಲ್ಲಿ ಕಾರ್ಡುಗಳನ್ನು ತೆಗೆದುಕೊಂಡು ಕೂತೆ. ಪಾಲಿಯೆಸ್ಟರ್ ಸೀರೆ, ಮೇಲೆ ಉಣ್ಣೆಯ ಸ್ವೆಟರ್, ಕೂತದ್ದು ಪ್ಲಾಸ್ಟಿಕ್ ಕುರ್ಚಿ, ಕಾಲಲ್ಲಿ ರಬ್ಬರ್ ಚಪ್ಪಲಿ. ಬಿಸಿಲೇರಿದ ಮೇಲೆ ಸ್ವೆಟರ್ ತೆಗೆದೆ, ಚಟಚಟ ಅಂತ ಸದ್ದಾಯಿತು. ಆಮೇಲೆ ನಾಲ್ಕನೇ ಕಾರ್ಡಿನ ಟೇಪ್ ಹಿಡಿದು ಸರ್‍ರನೆ ಎಳೆದೆ, ಕಾರ್ಡ್ ತೆಗೆದು ರೀಡರಿಗೆ ಹಾಕಿದೆ. ಲ್ಯಾಪ್‌ಟಾಪ್ ಏನೂ ತೋರಿಸಲಿಲ್ಲ. ತೆಗೆದು ಮತ್ತೆ ಹಾಕಿದೆ, ಆಗಲೂ ಇಲ್ಲ. ಮುಟ್ಟಿ ನೋಡಿದರೆ ಕಾರ್ಡ್ ಬಿಸಿ ಆಗಿತ್ತು. ಎರಡನೆಯದನ್ನು ಹಾಕಿದರೆ "You need to format the disk in drive E: before you can use it." ಅಂತ ಬಂತು. ಮೂರನೆಯದು ಸ್ಲಾಟಿಗೆ ಸರಿಯಾಗಿ ಇಳಿಯಲೇ ಇಲ್ಲ.

ತಾಲ್ಲೂಕಿನಲ್ಲಿ ಮೊಬೈಲ್ ರಿಪೇರಿ ಮಾಡುವ ಒಬ್ಬ ಹುಡುಗ ಇದ್ದಾನೆ, ಹಿಂದೆ ನಮ್ಮ ಶಾಲೆಯಲ್ಲೇ ಓದಿದವನು. ಅವನು ಮೂರನ್ನೂ ಭೂತಗನ್ನಡಿಯಲ್ಲಿ ನೋಡಿ, "ಅಕ್ಕೋರ, ಇವು ಮೂರೂ ಒಂದ ಕಾರಣಕ್ಕ ಕೆಟ್ಟಿಲ್ರೀ" ಅಂದ. ಆಮೇಲೆ ಒಂದೊಂದಾಗಿ ತೋರಿಸಿದ.

ಎರಡನೇ ಕಾರ್ಡಿನ ಹಿಂದೆ ಎಂಟು ಸಣ್ಣ ಬಂಗಾರ ಬಣ್ಣದ ಪಟ್ಟಿಗಳಿವೆಯಲ್ವಾ, ರೀಡರಿನ ತಂತಿಗಳು ಬಂದು ಮುಟ್ಟುವುದು ಅವಕ್ಕೇ. ಅವುಗಳ ಮೇಲೆ ಟೇಪಿನ ಗೋಂದು ಉಳಿದಿತ್ತು, ಗೋಂದಿಗೆ ಸೀಮೆಸುಣ್ಣದ ಪುಡಿ ಮೆತ್ತಿಕೊಂಡಿತ್ತು. ಹಾಗಾಗಿ ಕೆಲವು ಪಟ್ಟಿ ಮುಟ್ಟುತ್ತಿದ್ದವು, ಕೆಲವು ಮುಟ್ಟುತ್ತಿರಲಿಲ್ಲ. ಅರ್ಧಂಬರ್ಧ ಓದಿದ ಕಂಪ್ಯೂಟರ್ ಫಾರ್ಮ್ಯಾಟ್ ಮಾಡು ಅಂತಿತ್ತು. ಅವನು ಐಸೋಪ್ರೊಪೈಲ್ ಆಲ್ಕೋಹಾಲ್ ಅನ್ನು ಹತ್ತಿಬಟ್ಟೆಗೆ ಸ್ವಲ್ಪ ಹಚ್ಚಿ, ಪಟ್ಟಿಯ ಉದ್ದಕ್ಕೆ ಮೆಲ್ಲಗೆ ಒರೆಸಿ, ಪೂರ್ತಿ ಒಣಗಲು ಬಿಟ್ಟು ಹಾಕಿದ. ಎಲ್ಲ ವಿಡಿಯೋ ಹಾಗೇ ಇದ್ದವು! ಅವತ್ತು ನಾನು ಗಡಿಬಿಡಿಯಲ್ಲಿ ಫಾರ್ಮ್ಯಾಟ್ ಒತ್ತಿದ್ದರೆ ಚೆನ್ನಾಗಿದ್ದ ಕಾರ್ಡನ್ನು ನಾನೇ ಖಾಲಿ ಮಾಡುತ್ತಿದ್ದೆ. ಆದ್ದರಿಂದ ಆ ಮಾತು ಬಂದಾಗ ಬೇಡ ಅನ್ನಿ, ಕಾರ್ಡ್ ಹೊರಗೆ ತೆಗೆಯಿರಿ, ಪಟ್ಟಿ ನೋಡಿ, ಬೇರೆ ರೀಡರಿನಲ್ಲಿ ಅಥವಾ ಫೋನಿನಲ್ಲಿ ಹಾಕಿ ನೋಡಿ. ಎಷ್ಟೋ ಸಲ ಕೆಟ್ಟಿರುವುದು ಮೈಕ್ರೋ ಕಾರ್ಡನ್ನು ಕೂರಿಸುವ ಅಡಾಪ್ಟರ್, ಕಾರ್ಡ್ ಅಲ್ಲ. ರಬ್ಬರಿನಿಂದ ಉಜ್ಜಬೇಡಿ. ಪಟ್ಟಿಯ ಮೇಲಿನ ತೆಳು ಬಂಗಾರದ ಲೇಪ ಸವೆಯುತ್ತದೆ, ರಬ್ಬರಿನ ಪುಡಿ ಸ್ಲಾಟ್ ಒಳಗೆ ಹೋಗುತ್ತದೆ.

ಮೂರನೇ ಕಾರ್ಡ್ ಬಾಗಿತ್ತು. ಅಂಚಿನಿಂದ ಒಳಕ್ಕೆ ಕೂದಲಿನಷ್ಟು ತೆಳು ಬಿರುಕು ಕಾಣುತ್ತಿತ್ತು. ನಾನು ಅದನ್ನು ಕಾಗದದ ಕವರಿನಲ್ಲಿ ಹಾಕಿ, ಫೈಲಿಗೆ ಸ್ಟೇಪ್ಲರ್ ಹೊಡೆದು, ಆ ಫೈಲಿನ ಮೇಲೆ ರಿಜಿಸ್ಟರುಗಳನ್ನು ಪೇರಿಸಿದ್ದೆ. ಅದೂ ಸಾಲದು ಅಂತ ಕಾರ್ಡಿನ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ನಂಬರ್ ಬರೆದಿದ್ದೆ. ಈ ಕಾರ್ಡಿನ ದಪ್ಪ ಬರೀ 0.7 ಮಿಲಿಮೀಟರ್, ಎಳೆದು ತೆಗೆಯುವ ಅಂಚಿನಲ್ಲಿ ಮಾತ್ರ 1 ಮಿಲಿಮೀಟರ್. ಅಷ್ಟರೊಳಗೇ ಸಿಲಿಕಾನ್ ಚಿಪ್ ಕೂತಿದೆ, ಮೇಲಿರುವುದು ತೆಳು ಪ್ಲಾಸ್ಟಿಕ್. ಪೆನ್ನಿನ ಮೊನೆ ಒತ್ತಿದರೆ ಆ ಒತ್ತಡವೆಲ್ಲ ಒಂದೇ ಚುಕ್ಕೆಯ ಮೇಲೆ ಬೀಳುತ್ತದೆ. ಸಿಲಿಕಾನ್ ಬಾಗುವುದಿಲ್ಲ, ಗಾಜಿನ ಹಾಗೆ ಸೀಳುತ್ತದೆ. ಅದರಲ್ಲಿದ್ದ ಪ್ರವಾಸದ ಫೋಟೋಗಳು ಪುಣ್ಯಕ್ಕೆ ಇನ್ನೊಬ್ಬ ಶಿಕ್ಷಕರ ಫೋನಿನಲ್ಲಿ ಇದ್ದವು.

ನಾಲ್ಕನೇ ಕಾರ್ಡಿನಲ್ಲಿ ಗೋಂದೂ ಇರಲಿಲ್ಲ, ಬಿರುಕೂ ಕಾಣಲಿಲ್ಲ. ಮೂರು ರೀಡರಿನಲ್ಲಿ ಹಾಕಿ ನೋಡಿದ, ಯಾವುದರಲ್ಲೂ ಸುಳಿವಿಲ್ಲ, ಬಿಸಿ ಮಾತ್ರ ಆಗುತ್ತಿತ್ತು. ಒಳಗೆ ಶಾರ್ಟ್ ಆಗಿದೆ, ಸ್ಟ್ಯಾಟಿಕ್, ಅಂದರೆ ಉಜ್ಜಿದಾಗ ಕೂಡಿಕೊಳ್ಳುವ ವಿದ್ಯುತ್, ಹೊಡೆದಿರಬಹುದು ಅಂದ. ಸ್ಟ್ಯಾಟಿಕ್ ಹೊಡೆದರೆ ಹೊರಗೆ ಗುರುತು ಉಳಿಯುವುದಿಲ್ಲ, ಹಾಗಾಗಿ ಇದೇ ಕಾರಣ ಅಂತ ಆಣೆ ಮಾಡಿ ಹೇಳಲು ಆಗದು. ಆದರೆ ಆ ಬೆಳಿಗ್ಗೆ ನಾನು ಮಾಡಿದ ಒಂದೊಂದು ಕೆಲಸವೂ ಅದಕ್ಕೆ ದಾರಿ ಮಾಡಿಕೊಟ್ಟಿತ್ತು.

ಉಣ್ಣೆ ಮತ್ತು ಪಾಲಿಯೆಸ್ಟರ್ ಉಜ್ಜಿದಾಗ ಮೈಯಲ್ಲಿ ವಿದ್ಯುತ್ ಕೂಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವದಿಂದ ಅದು ಬೇಗ ಹರಿದುಹೋಗುತ್ತದೆ. ನಮ್ಮ ಕಡೆ ಡಿಸೆಂಬರಿನಿಂದ ಬೇಸಿಗೆಯವರೆಗೆ ಒಣ ಗಾಳಿ, ರಬ್ಬರ್ ಚಪ್ಪಲಿ ಹಾಕಿದರೆ ನೆಲಕ್ಕೂ ಇಳಿಯುವುದಿಲ್ಲ. ಆಗ ಬೆರಳು ಆ ಬಂಗಾರದ ಪಟ್ಟಿಗೆ ತಾಗಿದರೆ ಕೂಡಿದ್ದೆಲ್ಲ ಅದರ ಮೂಲಕ ನುಗ್ಗುತ್ತದೆ. ನಮಗೆ ಚುರ್ ಅನ್ನಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಚಿಪ್ಪಿನ ಒಳಪದರಗಳಿಗೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಕಾರ್ಡ್ ಮಾಡುವವರು ಒಂದು ಮಟ್ಟಿಗೆ ರಕ್ಷಣೆ ಇಟ್ಟಿರುತ್ತಾರೆ, ಹಾಗಾಗಿ ಪ್ರತಿ ಸಲ ಹೋಗುವುದಿಲ್ಲ. ಕೆಲವೊಮ್ಮೆ ಅವತ್ತು ಚೆನ್ನಾಗಿದ್ದು, ಒಳಗೆ ಪೆಟ್ಟು ತಿಂದು, ತಿಂಗಳ ಮೇಲೆ ಸಾಯುತ್ತದೆ. ಇನ್ನು ಟೇಪ್! ಅದನ್ನು ಜೋರಾಗಿ ಎಳೆದರೆ ಎಳೆದ ಜಾಗದಲ್ಲೇ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಎಳೆದ ಟೇಪಿನ ತುಂಡು ತಾನೇ ಬಂದು ಕೈಗೆ ಅಂಟಿಕೊಳ್ಳುವುದನ್ನು ನೋಡಿರುತ್ತೀರಿ, ಅದೇ ಇದು. ಸಾಮಾನ್ಯ ಪ್ಲಾಸ್ಟಿಕ್ ಕವರಿನೊಳಗೆ ಕಾರ್ಡ್ ಅಲ್ಲಾಡುತ್ತಾ ಉಜ್ಜಿದರೂ ಹಾಗೇ.

ಈಗಾಗಲೇ ಟೇಪ್ ಸುತ್ತಿಟ್ಟಿದ್ದರೆ ಹೀಗೆ ತೆಗೆಯಿರಿ. ಸ್ವೆಟರ್ ಬೇಡ, ಚಪ್ಪಲಿ ಬಿಟ್ಟು ಸಿಮೆಂಟ್ ನೆಲದ ಮೇಲೆ ನಿಲ್ಲಿ, ಮರದ ಟೇಬಲ್ ಮೇಲೆ ಕೆಲಸ ಮಾಡಿ. ಮೊದಲು ನೆಲದಿಂದ ಬಂದ ಕಬ್ಬಿಣದ ನಲ್ಲಿಯನ್ನೋ ಬಣ್ಣ ಬಳಿಯದ ಕಿಟಕಿ ಸರಳನ್ನೋ ಮುಟ್ಟಿ. ಬಣ್ಣ ಬಳಿದ ಬೀರು ಮುಟ್ಟಿದರೆ ಅಷ್ಟು ಉಪಯೋಗವಿಲ್ಲ, ಬಣ್ಣ ಅಡ್ಡ ಬರುತ್ತದೆ. ಆಮೇಲೆ ಕಾರ್ಡಿನ ಎರಡು ಅಂಚು ಹಿಡಿದು, ಪಟ್ಟಿ ಇಲ್ಲದ ಕಡೆಯಿಂದ ಟೇಪನ್ನು ತೀರಾ ನಿಧಾನವಾಗಿ ಬಿಡಿಸಿ. ಬ್ಲೇಡ್ ಬೇಡ. ಉಳಿದ ಗೋಂದನ್ನು ಮೇಲೆ ಹೇಳಿದ ಹಾಗೆ ಒರೆಸಿ. ದಿನನಿತ್ಯ ಕಾರ್ಡ್ ಹಾಕಿ ತೆಗೆಯುವಾಗಲೂ ಇಷ್ಟೇ: ಕೈಯ ಸೀಮೆಸುಣ್ಣ ತೊಳೆದು ಒರೆಸಿಕೊಳ್ಳಿ, ಕಬ್ಬಿಣ ಮುಟ್ಟಿ, ಅಂಚು ಹಿಡಿಯಿರಿ, ಪಟ್ಟಿ ಮುಟ್ಟಬೇಡಿ. ಇಳಿಯದಿದ್ದರೆ ಒತ್ತಬೇಡಿ, ತಿರುಗಿಸಿ ನೋಡಿ. ಮಕ್ಕಳಿಗೂ ಇದನ್ನು ಒಮ್ಮೆ ಮಾಡಿ ತೋರಿಸಿ, ಸ್ಪೀಕರಿಗೆ ಕಾರ್ಡ್ ಹಾಕುವವರು ಅವರೇ ತಾನೇ.

ಹೆಸರು ಬರೆಯುವ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು, ನಾವೆಲ್ಲ ಎಡವುವುದು ಇಲ್ಲೇ. ಮೈಕ್ರೋ ಕಾರ್ಡಿನ ಮೇಲೆ ಯಾವ ಚೀಟಿಯೂ ಬೇಡ. ಅಷ್ಟು ದಪ್ಪ ಹೆಚ್ಚಾದರೂ ಸ್ಲಾಟಿನಲ್ಲಿ ಸಿಕ್ಕಿಕೊಳ್ಳುತ್ತದೆ, ಚೀಟಿ ಒಳಗೇ ಕಿತ್ತು ಉಳಿಯುತ್ತದೆ. ಅಡಾಪ್ಟರ್ ಮೇಲೆ ಹೆಸರು ಬರೆಯೋಣ ಅಂದರೆ ಅದೂ ತಪ್ಪು. ಇವತ್ತು ಈ ಅಡಾಪ್ಟರಿನಲ್ಲಿ ಇದ್ದ ಕಾರ್ಡ್ ನಾಳೆ ಇನ್ನೊಂದರಲ್ಲಿ ಇರುತ್ತದೆ, "ಹಾಡುಗಳು" ಅಂತ ಬರೆದದ್ದರಲ್ಲಿ ಫೋಟೋ ಇರುತ್ತದೆ, ಯಾರೋ ಖಾಲಿ ಅಂದುಕೊಂಡು ಅಳಿಸುತ್ತಾರೆ. ನಾನು ಈಗ ಸಿಡಿ ಮೇಲೆ ಬರೆಯುವ ಸಣ್ಣ ಮೊನೆಯ ಪರ್ಮನೆಂಟ್ ಮಾರ್ಕರಿನಿಂದ, ಒತ್ತದೆ, ಪಟ್ಟಿ ಇಲ್ಲದ ಮುಖದ ಮೇಲೆ ಬರೀ ಅಂಕಿ ಬರೆಯುತ್ತೇನೆ. 1, 2, 3 ಅಷ್ಟೇ. ಪೂರ್ತಿ ಕಪ್ಪು ಕಾರ್ಡಾದರೆ ಬೆಳ್ಳಿ ಬಣ್ಣದ ಮಾರ್ಕರ್. ಅದೇ ಅಂಕಿಯನ್ನು ಕಾರ್ಡಿನ ಒಳಗೂ ಇಡುತ್ತೇನೆ: ಕಂಪ್ಯೂಟರಿನಲ್ಲಿ ಆ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ Rename ಒತ್ತಿ `SHALE_04` ಅಂತ ಕೊಡುತ್ತೇನೆ. 11 ಅಕ್ಷರ ಮೀರುವಂತಿಲ್ಲ. ಮೇಲಿನ ಅಂಕಿ ಅಳಿಸಿದರೂ ಈ ಹೆಸರು ಉಳಿಯುತ್ತದೆ. ಯಾವ ನಂಬರಿನಲ್ಲಿ ಏನಿದೆ, ಪ್ರತಿ ಎಲ್ಲಿದೆ, ಯಾರು ಒಯ್ದರು ಅನ್ನುವುದೆಲ್ಲ ಒಂದು ನೋಟ್‌ಬುಕ್ಕಿನಲ್ಲಿ.

ಇಡುವುದು ಕಾರ್ಡಿನ ಜೊತೆ ಬರುವ ಸಣ್ಣ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಅದರಲ್ಲಿ ಕಾರ್ಡ್ ಅಲ್ಲಾಡುವುದಿಲ್ಲ, ಅಂಚು ಮಾತ್ರ ಹಿಡಿದಿರುತ್ತದೆ. ಕಳೆದಿದ್ದರೆ ಮೊಬೈಲ್ ಅಂಗಡಿಯಲ್ಲಿ ಕೇಳಿ. ಆ ಡಬ್ಬಿಗಳನ್ನೆಲ್ಲ ಮುಚ್ಚಳ ಗಟ್ಟಿ ಇರುವ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಬೀರುವಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದೇನೆ. ಬೋರ್ಡಿನ ಹತ್ತಿರದ ಡ್ರಾ ಬೇಡ, ತಗಡಿನ ಮಾಡಿನ ಕೆಳಗಿನ ಅಟ್ಟವೂ ಬೇಡ. ಬೇರೆ ಊರಿಗೆ ಒಯ್ಯಬೇಕಾದರೆ ಕಂಪ್ಯೂಟರ್ ಬಿಡಿಭಾಗಗಳ ಜೊತೆ ಬರುವ ಬೂದು ಬೆಳ್ಳಿ ಬಣ್ಣದ ಆ್ಯಂಟಿ ಸ್ಟ್ಯಾಟಿಕ್ ಕವರ್ ಬಳಸಿ. ರಿಪೇರಿ ಅಂಗಡಿಯವರು ಅದನ್ನು ಬಿಸಾಡುತ್ತಾರೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ಪರ್ಸಿನಲ್ಲಿ, ಹಿಂದಿನ ಜೇಬಿನಲ್ಲಿ ಇಡಬೇಡಿ, ಕೂತಾಗ ಬಾಗುತ್ತದೆ. ಅಯಸ್ಕಾಂತಕ್ಕೆ ಹೆದರಬೇಕಿಲ್ಲ. ವಿಜ್ಞಾನ ಕಿಟ್ಟಿನ ಅಯಸ್ಕಾಂತ ಪಕ್ಕದಲ್ಲಿದ್ದರೂ ಈ ಕಾರ್ಡಿಗೆ ಏನೂ ಆಗದು, ಆ ಮಾತು ಹಳೆಯ ಫ್ಲಾಪಿ ಕಾಲದ್ದು.

ಹೋದ ವಾರ ಮಕ್ಕಳನ್ನು ಕರೆದುಕೊಂಡು ಅಜ್ಜಿಯ ಮನೆಗೆ ಮತ್ತೆ ಹೋದೆವು. ಒಂಬತ್ತು ಪದಗಳಲ್ಲಿ ಆರು ಹಾಡಿದರು. ಉಳಿದ ಮೂರು "ನೆಪ್ಪ ಬರವಲ್ದವ್ವ" ಅಂದರು. ಆರನ್ನೂ ಅವತ್ತೇ ಎರಡು ಕಡೆ ಕಾಪಿ ಮಾಡಿದೆ. ಹಳೆಯ ನಾಲ್ಕನೇ ಕಾರ್ಡನ್ನು ಎಸೆದಿಲ್ಲ. ಇಂಥ ಕಾರ್ಡಿನ ಚಿಪ್ಪಿನಿಂದಲೇ ಡೇಟಾ ತೆಗೆಯುವ ಲ್ಯಾಬುಗಳು ಇವೆಯಂತೆ, ಖರ್ಚು ಜಾಸ್ತಿ, ಸಿಗುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಬೆಳ್ಳಿ ಕವರಿನಲ್ಲಿ ಹಾಕಿ, ಮೇಲೆ "4, ಬೀಸುವ ಪದ, ಫಾರ್ಮ್ಯಾಟ್ ಮಾಡಬೇಡಿ" ಅಂತ ಬರೆದು ಸ್ಟೀಲ್ ಡಬ್ಬಿಯಲ್ಲೇ ಇಟ್ಟಿದ್ದೇನೆ.