ಮಗಳ ಕಾರ್ಬ್ ಲೆಕ್ಕ ಮತ್ತು ಇನ್ಸುಲಿನ್ ಅನುಪಾತದ ತರಬೇತಿ: ಹದಿನಾಲ್ಕು ತಿಂಗಳ ಬಳಕೆಯ ನಂತರ

ನಮ್ಮದು ಬದಿಯಡ್ಕದ ಸಮೀಪದ ಹಳ್ಳಿ. ಹದಿನಾಲ್ಕು ವರ್ಷದ ಮಗಳಿಗೆ ಟೈಪ್ ಒನ್ ಮಧುಮೇಹವಿದೆ. ಮಂಗಳೂರಿನ ಒಂದು ಕ್ಲಿನಿಕ್ಕಿನಲ್ಲಿ ಡಯಾಬಿಟಿಸ್ ಎಜುಕೇಟರ್ ಒಬ್ಬರು ನಡೆಸುವ ಆರು ಭೇಟಿಗಳ ತರಬೇತಿಯನ್ನು ನಾವು ಕಳೆದ ವರ್ಷ ಪಡೆದೆವು. ಆಗ ಕಲಿತದ್ದನ್ನು ಅಂದಿನಿಂದ ದಿನಕ್ಕೆ ಮೂರು ಹೊತ್ತು ಬಳಸುತ್ತಿರುವುದರಿಂದ, ಅದರಲ್ಲಿ ಯಾವುದು ನಿಂತಿತು, ಯಾವುದು ನಿಲ್ಲಲಿಲ್ಲ ಎಂಬುದನ್ನು ಈಗ ಹೇಳಬಹುದೆಂದುಕೊಂಡಿದ್ದೇನೆ. ಇಲ್ಲಿ ಬರುವ ಅಂಕಿಗಳು ನಮ್ಮ ಮಗಳವು. ಬೇರೆ ಮಕ್ಕಳ ಡೋಸ್ ಅವರ ವೈದ್ಯರು ನಿರ್ಧರಿಸಬೇಕಾದದ್ದು.

ಮೊದಲು ಒಂದು ಆಕ್ಷೇಪ. ಅವರು ಕೊಟ್ಟ ಆಹಾರದ ಪಟ್ಟಿಯಲ್ಲಿ ಚಪಾತಿ, ಇಡ್ಲಿ, ಬ್ರೆಡ್ ಇದ್ದವೇ ಹೊರತು ನೀರುದೋಸೆ, ಪುಂಡಿ, ಕೊಟ್ಟಿಗೆ, ಪತ್ರೊಡೆ ಇರಲಿಲ್ಲ. ಪಟ್ಟಿ ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ದೋಸೆ ಹೊಯ್ಯುವ ನನ್ನ ಅತ್ತೆಗೆ ಅದರಿಂದ ಏನೂ ಉಪಯೋಗವಾಗಲಿಲ್ಲ. ಇದನ್ನು ಹೇಳಿದಾಗ ಎಜುಕೇಟರ್ ಹೊಸ ಪಟ್ಟಿ ಕೊಡಲಿಲ್ಲ. ಅದರ ಬದಲು ನಮ್ಮ ಅಡುಗೆಯ ಲೆಕ್ಕವನ್ನು ನಾವೇ ಮಾಡಿಕೊಳ್ಳುವ ಕ್ರಮವನ್ನು ಕಲಿಸಿದರು. ಇಡೀ ತರಬೇತಿಯಲ್ಲಿ ನಮಗೆ ಅತ್ಯಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ.

ಕ್ರಮ ಸರಳವಾಗಿದೆ. ನೆನೆಸುವ ಮೊದಲೇ ಒಣ ಅಕ್ಕಿಯನ್ನು ತೂಗಬೇಕು. ಅಕ್ಕಿಯ ತೂಕದಲ್ಲಿ ಸುಮಾರು ನೂರಕ್ಕೆ 78 ಭಾಗ ಕಾರ್ಬೋಹೈಡ್ರೇಟ್ ಇರುವುದರಿಂದ 250 ಗ್ರಾಂ ಅಕ್ಕಿಯಲ್ಲಿ 195 ಗ್ರಾಂ ಕಾರ್ಬ್ ಇರುತ್ತದೆ. ನೀರು ಎಷ್ಟೇ ಹಾಕಿದರೂ ಈ 195 ಬದಲಾಗುವುದಿಲ್ಲ. ದೋಸೆಗಳನ್ನೆಲ್ಲ ಹೊಯ್ದಾದ ಮೇಲೆ ಒಟ್ಟಿಗೆ ತೂಗಿದಾಗ ನಮಗೆ 650 ಗ್ರಾಂ ಬಂತು. 195ನ್ನು 650ರಿಂದ ಭಾಗಿಸಿದರೆ 0.3, ಅಂದರೆ ನಮ್ಮ ಮನೆಯ ನೀರುದೋಸೆ ನೂರು ಗ್ರಾಮಿಗೆ 30 ಗ್ರಾಂ ಕಾರ್ಬ್. ದೋಸೆ ದಪ್ಪವೋ ತೆಳುವೋ ಎಂಬ ಚರ್ಚೆ ಅಲ್ಲಿಗೆ ಮುಗಿಯಿತು. ತಟ್ಟೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, 200 ಗ್ರಾಂ ಬಡಿಸಿದರೆ 60 ಗ್ರಾಂ ಕಾರ್ಬ್. ಕುಚ್ಚಿಲಕ್ಕಿ ಅನ್ನಕ್ಕೂ ಕೊಟ್ಟಿಗೆಗೂ ಹೀಗೆಯೇ ಒಂದೊಂದು ಅಂಕಿ ಕಂಡುಕೊಂಡು ಅಡುಗೆಮನೆಯ ಗೋಡೆಯಲ್ಲಿ ಕನ್ನಡದಲ್ಲಿ ಬರೆದು ಅಂಟಿಸಿದ್ದೇವೆ.

ಇನ್ನು ಅನುಪಾತ. ಒಂದು ಯೂನಿಟ್ ಇನ್ಸುಲಿನ್ ಎಷ್ಟು ಗ್ರಾಂ ಕಾರ್ಬನ್ನು ನಿಭಾಯಿಸುತ್ತದೆ ಎಂಬುದೇ ಅದು. ಆಗ ಮಗಳಿಗೆ ದಿನಕ್ಕೆ ಒಟ್ಟು 50 ಯೂನಿಟ್ ಇನ್ಸುಲಿನ್ ಹೋಗುತ್ತಿತ್ತು. ರೂಢಿಯ ಸೂತ್ರದಂತೆ 500ನ್ನು 50ರಿಂದ ಭಾಗಿಸಿ 1:10 ಎಂದು ಆರಂಭಿಸಿದರು. 1800ನ್ನು 50ರಿಂದ ಭಾಗಿಸಿ, ಒಂದು ಯೂನಿಟ್ ರಕ್ತದ ಸಕ್ಕರೆಯನ್ನು ಡೆಸಿಲೀಟರಿಗೆ ಸುಮಾರು 36 ಮಿಲಿಗ್ರಾಂ ಇಳಿಸುತ್ತದೆ ಎಂದೂ ಬರೆದುಕೊಟ್ಟರು. ಇವೆರಡೂ ಕೇವಲ ಆರಂಭದ ಅಂದಾಜುಗಳು, ಮುಂದಿನದನ್ನು ದಾಖಲೆ ಹೇಳಬೇಕು ಎಂದು ಅವರು ಸ್ಪಷ್ಟವಾಗಿ ಹೇಳಿದ್ದರು.

ದಾಖಲೆ ಪುಸ್ತಕದ ಅಂಕಣಗಳನ್ನು ಅವರೇ ಗೆರೆ ಎಳೆದು ತೋರಿಸಿದ್ದರು: ಊಟದ ಮೊದಲಿನ ಸಕ್ಕರೆ, ತಿಂಡಿಯ ಹೆಸರು, ತೂಕ, ಕಾರ್ಬ್, ಅನುಪಾತ, ಲೆಕ್ಕಕ್ಕೆ ಬಂದ ಡೋಸ್, ನಿಜವಾಗಿ ಚುಚ್ಚಿದ ಡೋಸ್, ಚುಚ್ಚಿದ ಸಮಯ, ತಿನ್ನಲು ಕುಳಿತ ಸಮಯ, ತಿಂದು ಎರಡು ಗಂಟೆಯ ಮತ್ತು ನಾಲ್ಕು ಗಂಟೆಯ ನಂತರದ ಸಕ್ಕರೆ. ಇಷ್ಟೇಕೆ ಎಂದು ನನಗೆ ಮೊದಲು ಬೇಸರವಾಗಿತ್ತು. ಬರೆಯದ ಮನೆಗಳನ್ನು ಖಾಲಿಯೇ ಬಿಡಬೇಕು, ನೆನಪಿನಿಂದ ತುಂಬಬಾರದು ಎಂಬುದು ಅವರ ಒಂದೇ ಕಟ್ಟುನಿಟ್ಟು. "ಖಾಲಿ ಬಿಟ್ಟರೆ ನನಗೆ ಸಿಟ್ಟಿಲ್ಲ ಪುಟ್ಟಾ, ಆದರೆ ಊಹಿಸಿ ಬರೆದರೆ ನಾನು ತಪ್ಪು ಡೋಸ್ ಹೇಳಿಬಿಡುತ್ತೇನೆ" ಎಂದು ಮಗಳಿಗೇ ಹೇಳಿದರು. ಆ ವಯಸ್ಸಿನ ಮಕ್ಕಳು ಬೈಗುಳಕ್ಕೆ ಹೆದರಿ 120, 130 ಎಂದು ತುಂಬಿಬಿಡುವುದನ್ನು ಬಲ್ಲವರ ಮಾತು ಅದು.

ಬೆಳಗ್ಗಿನ ತಿಂಡಿಯ ನಂತರ ಸಕ್ಕರೆ ಏರುತ್ತಿತ್ತು. ಇದಕ್ಕೆ ಚುಚ್ಚುವ ಸಮಯ, ಕಾರ್ಬಿನ ಲೆಕ್ಕ, ಅನುಪಾತ ಎಂಬ ಮೂರರಲ್ಲಿ ಯಾವುದೂ ಕಾರಣವಾಗಿರಬಹುದು. ಇವನ್ನು ಬಿಡಿಸಿ ನೋಡುವುದನ್ನು ಅವರು ಪುಸ್ತಕವನ್ನೇ ಮುಂದಿಟ್ಟುಕೊಂಡು ಕಲಿಸಿದರು. ಎರಡು ಗಂಟೆಗೆ ಮೇಲೇರಿ ನಾಲ್ಕು ಗಂಟೆಗೆ ಮೊದಲಿನ ಅಂಕಿಗೆ ಮರಳಿದರೆ ಇನ್ಸುಲಿನ್ ಪ್ರಮಾಣ ಸಾಕಾಗಿದೆ, ತಡವಾಗಿ ಚುಚ್ಚಲಾಗಿದೆ ಎಂದರ್ಥ. ಒಂದು ತಿಂಡಿಯ ದಿನ ಮಾತ್ರ ಏರಿ ಉಳಿದ ದಿನ ಸರಿ ಇದ್ದರೆ ಆ ತಿಂಡಿಯ ಲೆಕ್ಕ ತಪ್ಪಿದೆ. ಯಾವ ತಿಂಡಿಯಾದರೂ ಅದೇ ಹೊತ್ತಿನಲ್ಲಿ ನಾಲ್ಕು ಗಂಟೆಗೂ ಏರಿಯೇ ಇದ್ದರೆ ಅನುಪಾತವನ್ನು ಸಂಶಯಿಸಬೇಕು.

ನಮ್ಮಲ್ಲಿ ಮೊದಲು ಕಂಡದ್ದು ಸಮಯದ ತಪ್ಪು. ಶಾಲೆಯ ಬಸ್ಸಿನ ಅವಸರದಲ್ಲಿ ಅವಳು ತಿಂದ ಮೇಲೆ ಚುಚ್ಚಿಕೊಳ್ಳುತ್ತಿದ್ದಳು. ಅದನ್ನು ತಿನ್ನುವುದಕ್ಕೆ ಹದಿನೈದು ನಿಮಿಷ ಮೊದಲಿಗೆ ತಂದ ಮೇಲೆ ರಜೆಯ ಮೂರು ದಿನ ಪರೀಕ್ಷೆ ಮಾಡಿದೆವು. ತೂಗಿದ ನೀರುದೋಸೆ, ಎಣ್ಣೆ ಕಡಿಮೆ, ನಡುವೆ ಬೇರೇನೂ ತಿನ್ನುವಂತಿಲ್ಲ, ಓಟವಿಲ್ಲ, ಹಿಂದಿನ ರಾತ್ರಿ ಸಕ್ಕರೆ ಇಳಿದಿರಬಾರದು. ಒಂದು ದಿನದ ಸಾಲು ಹೀಗಿದೆ: ಮೊದಲು 124, ಕಾರ್ಬ್ 60, ಡೋಸ್ 6, ಎರಡು ಗಂಟೆಗೆ 231, ನಾಲ್ಕು ಗಂಟೆಗೆ 208. ನಾಲ್ಕು ಗಂಟೆಗೆ ಆರಂಭದ ಅಂಕಿಯಿಂದ 30ರ ಒಳಗೆ ಇರಬೇಕಾದದ್ದು 84 ಮೇಲಿತ್ತು. ಉಳಿದೆರಡು ದಿನಗಳೂ ಹೆಚ್ಚು ಕಡಿಮೆ ಹಾಗೆಯೇ. 84ನ್ನು 36ರಿಂದ ಭಾಗಿಸಿದರೆ ಎರಡು ಯೂನಿಟ್‌ಗಿಂತ ತುಸು ಹೆಚ್ಚು ಕೊರತೆ. ಆದರೂ ಪೂರ್ತಿ ಕೊರತೆಯನ್ನು ಒಮ್ಮೆಲೇ ತುಂಬದೆ, ವೈದ್ಯರೊಡನೆ ಮಾತಾಡಿ ಬೆಳಗ್ಗೆಗೆ 1:8 ಮಾಡಿದರು. ಅಂದರೆ ಅದೇ ತಿಂಡಿಗೆ 7.5 ಯೂನಿಟ್. ಅರ್ಧ ಯೂನಿಟ್ ತಿರುಗಿಸಬಹುದಾದ ಪೆನ್ ಬೇಕಾದದ್ದು ಇದಕ್ಕೇ. ಮುಂದಿನ ವಾರ ನಾಲ್ಕು ಗಂಟೆಯ ಅಂಕಿ 146ಕ್ಕೆ ಬಂತು. ಬೆಳೆಯುವ ವಯಸ್ಸಿನಲ್ಲಿ ಹಾರ್ಮೋನುಗಳಿಂದ ಮುಂಜಾನೆ ಇನ್ಸುಲಿನ್ನಿಗೆ ದೇಹ ಹೆಚ್ಚು ಮಣಿಯುವುದಿಲ್ಲ. ಹಾಗಾಗಿ ಮಧ್ಯಾಹ್ನಕ್ಕೆ 1:12 ಸಾಕಾಯಿತು, ರಾತ್ರಿಗೆ 1:10 ಹಾಗೆಯೇ ಉಳಿಯಿತು.

ನಮ್ಮ ದೊಡ್ಡ ತಪ್ಪು ನಡೆದದ್ದು ಇದಾದ ಮೇಲೆ. ಬೆಳಗ್ಗಿನ ಹೊಸ ಅನುಪಾತವನ್ನು ನಾನು ಒಂದು ಚೀಟಿಯಲ್ಲಿ "1:8" ಎಂದಷ್ಟೇ ಬರೆದು ಅವಳ ಕಂಪಾಸ್ ಪೆಟ್ಟಿಗೆಯಲ್ಲಿಟ್ಟಿದ್ದೆ. ಯಾವ ಹೊತ್ತಿಗೆ ಎಂದು ಬರೆದಿರಲಿಲ್ಲ. ಅವಳು ಮಧ್ಯಾಹ್ನದ ಬುತ್ತಿಯ 72 ಗ್ರಾಂ ಕಾರ್ಬಿಗೂ ಅದನ್ನೇ ಬಳಸಿ 6ರ ಬದಲು 9 ಯೂನಿಟ್ ಚುಚ್ಚಿಕೊಂಡಳು. ಮೂರೂವರೆಗೆ ಕೈ ನಡುಗಿ ನೋಡಿದಾಗ 58 ಇತ್ತು, ಇನ್ನೂ ಇಳಿಯುತ್ತಿತ್ತು. ಮೂರು ಚಮಚ ಸಕ್ಕರೆ ಕುಡಿಸಿ ಹದಿನೈದು ನಿಮಿಷದ ಮೇಲೆ ನೋಡಿದರೂ 66. ಮತ್ತೆ ಮೂರು ಚಮಚ ಬೇಕಾಯಿತು. ಅವಳ ಗೆಳತಿ ಪಕ್ಕದಲ್ಲಿ ಕುಳಿತು ಎರಡೂ ಸಲ ಗಡಿಯಾರ ನೋಡಿದ್ದಳು. ಸಂಜೆ ಪುಸ್ತಕ ತೆರೆದಾಗ ಅನುಪಾತದ ಅಂಕಣದಲ್ಲಿ ಕಾರಣ ಕಣ್ಣೆದುರೇ ಇತ್ತು. ಆ ಅಂಕಣ ಇಲ್ಲದಿದ್ದರೆ ನಾವು ಬುತ್ತಿಯ ಅನ್ನವನ್ನು ದೂರುತ್ತಿದ್ದೆವು.

ಅಂದಿನಿಂದ ಮೂರು ಹೊತ್ತಿನ ಅನುಪಾತವೂ ದಿನಾಂಕವೂ ಇರುವ ಒಂದೇ ಕಾರ್ಡ್ ಇದೆ. ಬದಲಾದಾಗ ಹಳೆಯದನ್ನು ಎಜುಕೇಟರ್ ತಾವೇ ಹರಿದು ಹೊಸದಕ್ಕೆ ಸಹಿ ಹಾಕುತ್ತಾರೆ. ಅದರ ಪ್ರತಿ ಶಾಲೆಯಲ್ಲೂ ಇದೆ. ಪ್ರತಿ ಭೇಟಿಯ ಪುಟದಲ್ಲಿ ಅವರು ತಾವು ಏನು ಕಲಿಸಿದರೆಂಬುದರ ಜೊತೆಗೆ ಮಗಳು ಯಾರ ನೆರವಿಲ್ಲದೆ ಏನು ಮಾಡಿ ತೋರಿಸಿದಳೆಂದೂ ಬರೆಯುತ್ತಾರೆ. ನಾಲ್ಕನೆಯ ಭೇಟಿಯ ಪುಟದಲ್ಲಿ "ಬಿಸ್ಕತ್ತು ಪೊಟ್ಟಣದಲ್ಲಿ ನೂರು ಗ್ರಾಮಿನ ಅಂಕಿಯನ್ನು ಒಂದು ಬಿಸ್ಕತ್ತಿನದೆಂದು ಓದಿದಳು, ಮತ್ತೆ ಕಲಿಸಬೇಕು" ಎಂದಿದೆ. ಐದನೆಯದರಲ್ಲಿ ಅದು ಸರಿಯಾಗಿದೆ.

ಕೊರತೆಯೆಂದರೆ ಪೊರೊಟ್ಟದಂಥ ಎಣ್ಣೆ ಹೆಚ್ಚಿರುವ ಊಟ. ಎರಡು ಗಂಟೆಗೆ ಸರಿಯಿದ್ದು ಐದು ಗಂಟೆಗೆ ಏರುತ್ತದೆ, ಏಕೆಂದರೆ ಕೊಬ್ಬು ಜೀರ್ಣವನ್ನು ನಿಧಾನಗೊಳಿಸುತ್ತದೆ. ಅನುಪಾತದ ಲೆಕ್ಕ ಅಲ್ಲಿ ಸಾಲುವುದಿಲ್ಲ, ಆರು ಭೇಟಿಗಳಲ್ಲಿ ಅದಕ್ಕೆ ಸಮಯವೂ ಸಿಗಲಿಲ್ಲ. ಮದುವೆ ಊಟದ ದಿನಗಳಿಗಾಗಿ ಮಗಳು ಈಗಿನ ಪುಸ್ತಕದಲ್ಲಿ ಆರು ಗಂಟೆಯ ಸಕ್ಕರೆಗೆಂದು ತಾನೇ ಇನ್ನೊಂದು ಅಂಕಣ ಎಳೆದಿದ್ದಾಳೆ. ಮುಂದಿನ ಭೇಟಿಗೆ ಅಂಥ ನಾಲ್ಕು ಸಾಲುಗಳು ಸಿದ್ಧವಾಗಿವೆ.