ಐದು ವರ್ಷದ ಮಕ್ಕಳಿಗೆ ಎಣಿಕೆ: ಬಾಟಲಿ ಮುಚ್ಚಳವೋ, ಸಾಲುಮನೆ ಆಟವೋ?

ಮೊದಲು ಮಗುವಿನ ಮುಂದೆ 7 ಮುಚ್ಚಳಗಳನ್ನು ಚೆಲ್ಲಿ ಎಣಿಸಲು ಹೇಳಿ. ಬೆರಳಿಗಿಂತ ಬಾಯಿ ಮುಂದೆ ಓಡಿದರೆ, ಅಥವಾ ಎಣಿಸಿ ಮುಗಿಸಿದ ಮೇಲೆ "ಒಟ್ಟು ಎಷ್ಟು?" ಎಂದಾಗ ಮತ್ತೆ ಒಂದರಿಂದಲೇ ಶುರುಮಾಡಿದರೆ, ಆ ಮಗುವಿಗೆ ಮುಚ್ಚಳಗಳೇ ಸರಿ. ಎಣಿಸಿದ್ದನ್ನು ಒಂದೊಂದಾಗಿ ತಟ್ಟೆಗೆ ಸರಿಸಲಿ. ಆಗ ಒಂದನ್ನು ಎರಡು ಸಲ ಎಣಿಸುವುದು ತಪ್ಪುತ್ತದೆ. ಹುಣಸೆ ಬೀಜ ಸುಲಭವಾಗಿ ಸಿಗುತ್ತದೆ ನಿಜ, ಆದರೆ ಮಕ್ಕಳು ಮೂಗಿಗೆ ತುರುಕಿಕೊಳ್ಳುತ್ತಾರೆ. ದೊಡ್ಡ ಮುಚ್ಚಳವೇ ಕ್ಷೇಮ.

ಇಷ್ಟನ್ನು ತಪ್ಪಿಲ್ಲದೆ ಮಾಡುವ ಮಗುವಿಗೆ 6 ದೊಡ್ಡದೋ 8 ದೊಡ್ಡದೋ ಎಂಬುದು ಹೊಳೆಯದಿದ್ದರೆ ಸಾಲುಮನೆ ಆಟ ಆಡಿಸಿ. ನೆಲದ ಮೇಲೆ ಒಂದೇ ಅಳತೆಯ 10 ಮನೆಗಳನ್ನು ಎಡದಿಂದ ಬಲಕ್ಕೆ ಬರೆದು, ಒಳಗೆ ಅಂಕಿ ಹಾಕಿ. ದಾಳದಲ್ಲಿ 1 ಮತ್ತು 2 ಮಾತ್ರ ಇರಲಿ. ಸಂಖ್ಯೆ ದೊಡ್ಡದಾದಷ್ಟೂ ಕಾಯಿ ದೂರ ಹೋಗುವುದನ್ನು ಮಗು ಕಣ್ಣಾರೆ ಕಾಣುತ್ತದೆ.

ಇಲ್ಲಿ ಎಡವುವುದು ಒಂದೇ ಕಡೆ. ಕಾಯಿ 4ರಲ್ಲಿದ್ದು ದಾಳದಲ್ಲಿ 2 ಬಿದ್ದರೆ ಮಗು "ಒಂದು, ಎರಡು" ಎನ್ನುತ್ತಾ ನಡೆಸುತ್ತದೆ. ಕಾಯಿ ಸರಿಯಾದ ಮನೆಗೇ ಸೇರುವುದರಿಂದ ತಪ್ಪು ಕಾಣುವುದಿಲ್ಲ, ಆದರೆ ಮನೆಯ ಅಂಕಿಯತ್ತ ಗಮನವೇ ಹೋಗಿರುವುದಿಲ್ಲ. ಮುಟ್ಟಿದ ಮನೆಯ ಹೆಸರನ್ನೇ ಹೇಳಿಸಿ: "ಐದು, ಆರು." ಈ ನಿಯಮ ಬಿಟ್ಟರೆ ಆಟದ ಅರ್ಧ ಲಾಭ ಹೋಯಿತು.

ಮುಚ್ಚಳಕ್ಕೆ ನಾಲ್ಕೈದು ಮಕ್ಕಳ ಗುಂಪು ನಡೆಯುತ್ತದೆ. ಸಾಲುಮನೆಗೆ ಇಬ್ಬರೇ ಇರಲಿ, ಸರದಿ ಕಾಯುವ ಮಗು ಎದ್ದು ಹೋಗುತ್ತದೆ.